ಕ್ರ್ಯಾಶ್ ಆಗಲ್ಲ, ಆದರೆ ನಿಂತುಬಿಡುತ್ತದೆ: ಆ್ಯಪ್‌ನ ಹೊಸ ಆವೃತ್ತಿ ಎಲ್ಲರಿಗೂ ಬಿಡುವ ಮುನ್ನ ಅಳೆಯುವುದು ಹೇಗೆ?

ಕಳೆದ ಕೊಯ್ಲಿನಲ್ಲಿ ಸಿದ್ದಾಪುರ ಕಡೆಯ ತೋಟವೊಂದರ ರೈಟರ್ ಫೋನ್ ಮಾಡಿದರು. "ಸಾರ್, ತೂಕ ಹಾಕಿ ಸೇವ್ ಒತ್ತಿದ್ರೆ ಸುಮ್ನೆ ನಿಂತ್ಕೊಳ್ತದೆ. ಇನ್ನೊಂದ್ಸಲ ಒತ್ತಿದ್ರೆ ಎರಡು ಸಲ ಬರ್ಕೊಳ್ತದೆ." ಕಾಫಿ ಹಣ್ಣು ಕೊಯ್ದವರ ತೂಕ ಬರೆದಿಡಲು ನಾವು ಮಾಡಿಕೊಟ್ಟ ಆಂಡ್ರಾಯ್ಡ್ ಆ್ಯಪ್ ಅದು. ಮಡಿಕೇರಿಯಲ್ಲಿ ಕುಳಿತು ಡ್ಯಾಶ್‌ಬೋರ್ಡ್ ತೆರೆದರೆ ಕ್ರ್ಯಾಶ್-ಫ್ರೀ ಸೆಷನ್ 99.9 ಎಂದು ಹಸಿರಾಗಿ ಕಾಣುತ್ತಿತ್ತು. ಹಿಂದಿನ ಆವೃತ್ತಿಗಿಂತ ಜಾಸ್ತಿಯೇ ಇತ್ತು. ಆ ಹಸಿರನ್ನು ನಂಬಿ ನಾನು ಮೋಸಹೋದೆ. ಬೇರೆಯವರೂ ಹೀಗೇ ಮೋಸಹೋಗುವುದನ್ನು ನೋಡಿದ್ದೇನೆ.

ಮೊದಲು: ಕ್ರ್ಯಾಶ್ ಲೆಕ್ಕ

ಇದು ಸುಲಭ. ಫೈರ್‌ಬೇಸ್ ಕ್ರ್ಯಾಶ್‌ಲಿಟಿಕ್ಸ್ ಸೇರಿಸಿ, ಹೊಸ ಆವೃತ್ತಿಯನ್ನು ಮಾತ್ರ ಆರಿಸಿಕೊಂಡು ನೋಡಿ. ಎಲ್ಲ ಆವೃತ್ತಿಗಳನ್ನೂ ಕಲಸಿದ ಅಂಕಿ ಯಾವುದಕ್ಕೂ ಬರುವುದಿಲ್ಲ.

```
(1 - crashed_sessions / total_sessions) * 100
```

99.5 ಅಂದರೆ ಚೆನ್ನಾಗಿದೆ ಅನ್ನಿಸುತ್ತದೆ, ಅಲ್ವಾ? ಒಬ್ಬ ರೈಟರ್ ದಿನಕ್ಕೆ ಆರು ಸಲ ಆ್ಯಪ್ ತೆರೆದರೆ ತಿಂಗಳಿಗೆ 180 ಸೆಷನ್. 0.995 ಅನ್ನು 180 ಸಲ ಗುಣಿಸಿದರೆ ಸುಮಾರು 0.41. ಕ್ರ್ಯಾಶ್ ಎಲ್ಲರಿಗೂ ಸಮನಾಗಿ ಹಂಚಿಕೊಂಡು ಬಂದರೆ, ನೂರರಲ್ಲಿ 59 ಜನ ಒಂದು ತಿಂಗಳೊಳಗೆ ಒಮ್ಮೆಯಾದರೂ ಅದನ್ನು ಕಾಣುತ್ತಾರೆ. ಹಾಗಾಗಿ ದಿನವಿಡೀ ಬಳಸುವ ಆ್ಯಪ್‌ಗೆ 99.5 ನನ್ನ ಪ್ರಕಾರ ಕಡಿಮೆ.

ಎರಡನೆಯದು: ನಿಂತ ಪರದೆ. ಎಡವುವುದು ಇಲ್ಲೇ

ನಮ್ಮಲ್ಲಿ ನಡೆದದ್ದು ಹೀಗೆ. ಆಂಡ್ರಾಯ್ಡ್‌ನ ರೂಮ್ ಡೇಟಾಬೇಸ್ ಅನ್ನು ಮುಖ್ಯ ಥ್ರೆಡ್‌ನಲ್ಲಿ ಕರೆದರೆ ಅದು ತಾನೇ ತಕರಾರು ತೆಗೆದು ಆ್ಯಪ್ ನಿಲ್ಲಿಸುತ್ತದೆ. ನಮ್ಮ ಹುಡುಗನೊಬ್ಬ ಆ ಕ್ರ್ಯಾಶ್ ನೋಡಿ `allowMainThreadQueries()` ಎಂಬ ಒಂದು ಸಾಲು ಸೇರಿಸಿದ. ಕ್ರ್ಯಾಶ್ ಹೋಯಿತು. ಪರೀಕ್ಷೆಯಲ್ಲಿ ಇಪ್ಪತ್ತು ಹೆಸರಷ್ಟೇ ಇದ್ದದ್ದರಿಂದ ಎಲ್ಲವೂ ಸರಾಗ. ತೋಟದಲ್ಲಿ ಕೊಯ್ಲು ಅರ್ಧ ಮುಗಿಯುವಷ್ಟರಲ್ಲಿ ಸಾವಿರಾರು ತೂಕದ ಸಾಲುಗಳು ತುಂಬಿದ್ದವು. ಪ್ರತಿ ಸೇವ್‌ಗೂ ಅಷ್ಟನ್ನೂ ಓದಿ ಮೊತ್ತ ಹಾಕುವ ತನಕ ಪರದೆ ಅಲುಗಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಒತ್ತಿದ ಎರಡನೇ ಬೆರಳು ಸರದಿಯಲ್ಲಿ ಕಾದಿದ್ದು, ಪರದೆಗೆ ಜೀವ ಬಂದ ಮೇಲೆ ಮತ್ತೊಂದು ತೂಕವಾಗಿ ಬೀಳುತ್ತಿತ್ತು.

ಇದು ಅಂಕಿಗಳಲ್ಲಿ ಯಾಕೆ ಕಾಣಲಿಲ್ಲ? ಸ್ಪರ್ಶಕ್ಕೆ ಐದು ಸೆಕೆಂಡ್ ಉತ್ತರ ಬಾರದಿದ್ದರೆ ಮಾತ್ರ ಆಂಡ್ರಾಯ್ಡ್ ಅದನ್ನು ಎಎನ್‌ಆರ್ ಎಂದು ಎಣಿಸುತ್ತದೆ. ನಮ್ಮದು ಎರಡು ಮೂರು ಸೆಕೆಂಡಿನದು. ಕ್ರ್ಯಾಶೂ ಅಲ್ಲ, ಎಎನ್‌ಆರೂ ಅಲ್ಲ. ಈ ಸಂದಿಯನ್ನು ಹಿಡಿಯುವುದು ಫೈರ್‌ಬೇಸ್ ಪರ್ಫಾರ್ಮೆನ್ಸ್ ಮಾನಿಟರಿಂಗ್‌ನ ಫ್ರೋಜನ್ ಫ್ರೇಮ್ ಅಂಕಿ. ಒಂದು ಚಿತ್ರ ಮೂಡಲು 700 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅದು ನಿಂತ ಫ್ರೇಮ್. ಒಂದು ಪರದೆ ತೆರೆದು ಮುಚ್ಚುವ ತನಕ ಮೂಡಿದ ಫ್ರೇಮ್‌ಗಳಲ್ಲಿ ಶೇ. 0.1ಕ್ಕಿಂತ ಹೆಚ್ಚು ಹೀಗೆ ನಿಂತಿದ್ದರೆ, ಆ ಸಲ ಪರದೆ ನಿಂತಿತು ಎಂದು ಲೆಕ್ಕ.

ಈ 0.1ರಲ್ಲಿ ಒಂದು ಕುತ್ತಿದೆ. ತೂಕದ ಪರದೆಯಲ್ಲಿ 300 ಫ್ರೇಮ್ ಮೂಡಿ ಒಂದು ನಿಂತರೆ ಅದು ಶೇ. 0.33, ಎಣಿಕೆಗೆ ಬರುತ್ತದೆ. ಅದೇ, ಹೆಸರುಗಳ ಉದ್ದ ಪಟ್ಟಿಯನ್ನು ರೈಟರ್ ಮೇಲೆ ಕೆಳಗೆ ಉರುಳಿಸಿ 2,000 ಫ್ರೇಮ್ ಮೂಡಿದ್ದರೆ, ಒಂದು ನಿಂತದ್ದು ಶೇ. 0.05 ಮಾತ್ರ. ಲೆಕ್ಕಕ್ಕೇ ಇಲ್ಲ. ಉರುಳಿಸುವ ಪರದೆಯ ಅಂಕಿ ಚೆನ್ನಾಗಿದ್ದರೆ ಅರ್ಧ ಮಾತ್ರ ನಂಬಿ.

ಪರದೆಗಳನ್ನು ಒಂದೊಂದಾಗಿ ನೋಡಿ. ಇಡೀ ಆ್ಯಪ್‌ನ ಸರಾಸರಿಯಲ್ಲಿ ಲಾಗಿನ್, ಸೆಟ್ಟಿಂಗ್ಸ್ ಎಲ್ಲ ಸೇರಿ ತೂಕದ ಪರದೆಯ ತೊಂದರೆ ಮುಚ್ಚಿಹೋಗುತ್ತದೆ. ಇಡೀ ಆ್ಯಪ್ ಒಂದೇ ಆ್ಯಕ್ಟಿವಿಟಿಯಲ್ಲಿ ಕಂಪೋಸ್‌ನಿಂದ ಕಟ್ಟಿದ್ದರೆ ಪರದೆಗಳು ತಾವಾಗಿ ಬೇರೆಯಾಗುವುದಿಲ್ಲ. ಆಗ ಸೇವ್ ಕೆಲಸಕ್ಕೆ ನೀವೇ ಒಂದು ಟ್ರೇಸ್ ಹಾಕಬೇಕು. ಆ್ಯಪ್ ಆರೋಗ್ಯಕ್ಕೆ ನೂರಕ್ಕೆ ಇಷ್ಟು ಎಂದು ಒಂದೇ ಅಂಕ ಕೊಡುವ ಸಲಕರಣೆಗಳೂ ಸಿಗುತ್ತವೆ. ದುಡ್ಡು ದಂಡ. ಏನು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ.

ಆ ಹುಡುಗನ ಸಾಲಿನಂಥ ಅಡ್ಡದಾರಿ ಇನ್ನೊಂದಿದೆ. ಎಲ್ಲ ಕಡೆ ಟ್ರೈ-ಕ್ಯಾಚ್ ಸುತ್ತಿ ಕ್ರ್ಯಾಶ್ ನುಂಗಿಸಬೇಡಿ. ಅಂಕಿ ಮೇಲೇರುತ್ತದೆ, ತೂಕ ಸೇವ್ ಆಗಿರುವುದಿಲ್ಲ. ಹಿಡಿಯಲೇಬೇಕಾದರೆ `recordException(e)` ಕರೆದು ವರದಿ ಕಳಿಸಿ, ಸೇವ್ ಆಗಲಿಲ್ಲ ಎಂದು ರೈಟರಿಗೂ ತೋರಿಸಿ.

ಮೂರನೆಯದು: ಎಷ್ಟು ದಿನ ಕಾಯಬೇಕು

ಕ್ರ್ಯಾಶ್ ಆದ ವರದಿ ಸಾಮಾನ್ಯವಾಗಿ ಅದೇ ಗಳಿಗೆಯಲ್ಲಿ ಹೊರಡುವುದಿಲ್ಲ. ಆ್ಯಪ್ ಮತ್ತೆ ತೆರೆದಾಗ ಹೊರಡುತ್ತದೆ, ಅದೂ ನೆಟ್‌ವರ್ಕ್ ಇದ್ದರೆ. ನಮ್ಮ ಎಷ್ಟೋ ತೋಟಗಳಲ್ಲಿ ಬಂಗಲೆ ದಾಟಿದರೆ ಸಿಗ್ನಲ್ ಇಲ್ಲ. ಸೋಮವಾರದ ಕ್ರ್ಯಾಶ್, ರೈಟರ್ ಶುಕ್ರವಾರ ಮಡಿಕೇರಿ ಸಂತೆಗೆ ಬಂದು ಆ್ಯಪ್ ತೆರೆದಾಗ ನಮಗೆ ಸಿಗುತ್ತದೆ. ಮೊದಲು ಅಪ್‌ಡೇಟ್ ಆಗುವವರೂ ಪೇಟೆಯಲ್ಲಿ ವೈಫೈ ಇರುವವರೇ, ಅವರ ಫೋನೂ ಹೊಸದು. ಮೊದಲ ದಿನದ ಅಂಕಿ ಸುಂದರವಾಗಿ ಕಾಣುವುದು ಅದಕ್ಕೇ. ಒಂದು ಸಂತೆ ಕಳೆಯುವ ತನಕ ತೀರ್ಮಾನ ಬೇಡ.

ದಿನದ ಜೊತೆ ಸೆಷನ್ ಸಂಖ್ಯೆಯೂ ಬೇಕು. ಒಂದೂ ಕ್ರ್ಯಾಶ್ ಆಗಿಲ್ಲ ಎಂದು ಕುಣಿಯುವ ಮುಂಚೆ 3 ಅನ್ನು ಸೆಷನ್ ಸಂಖ್ಯೆಯಿಂದ ಭಾಗಿಸಿ. 200 ಸೆಷನ್‌ನಲ್ಲಿ ಕ್ರ್ಯಾಶ್ ಸೊನ್ನೆ ಅಂದರೆ ನಿಜವಾದ ಪ್ರಮಾಣ ಶೇ. 1.5ರವರೆಗೂ ಇರಬಹುದು. ಗುರಿ 99.8 ಇದ್ದರೆ ಒಂದೂ ಕ್ರ್ಯಾಶ್ ಇಲ್ಲದ 1,500 ಸೆಷನ್ ಬೇಕು. ನಡುವೆ ಒಂದೆರಡು ಕ್ರ್ಯಾಶ್ ಬಂದರೆ ಇನ್ನೂ ಜಾಸ್ತಿ. ಆ ಸೆಷನ್‌ಗಳೆಲ್ಲ ನಾಲ್ಕೇ ಫೋನ್‌ಗಳಿಂದ ಬಂದಿದ್ದರೆ 1,500 ಕೂಡ ಸಾಲದು.

ನಾಲ್ಕನೆಯದು: ಗುರಿ ಬರೆದಿಡಿ

ಬಿಡುಗಡೆಗೆ ಮುಂಚೆ ಬರೆಯಿರಿ. ಅಂಕಿ ನೋಡಿದ ಮೇಲೆ ಬರೆದರೆ ಅದು ಗುರಿಯಲ್ಲ. ಗೂಗಲ್ ಪ್ಲೇ ತನ್ನ ಗೆರೆ ಹಾಕಿದೆ: ಒಂದು ದಿನದ ಬಳಕೆದಾರರಲ್ಲಿ ಕ್ರ್ಯಾಶ್ ಕಂಡವರು ಶೇ. 1.09, ಎಎನ್‌ಆರ್ ಕಂಡವರು ಶೇ. 0.47. ದಾಟಿದರೆ ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಕಾಣುವುದು ಕಡಿಮೆಯಾಗಬಹುದು. ಅದು ಬಳಕೆದಾರರ ಲೆಕ್ಕ, ಸೆಷನ್ ಲೆಕ್ಕದ ಜೊತೆ ಹೋಲಿಸಬೇಡಿ. ಅದನ್ನೇ ಗುರಿ ಮಾಡಿಕೊಳ್ಳುವುದಂತೂ 35 ಅಂಕಕ್ಕೆ ಓದಿದ ಹಾಗೆ. ನಿಮ್ಮದೇ ಹಿಂದಿನ ಮೂರು ಒಳ್ಳೆ ಆವೃತ್ತಿಗಳನ್ನು ನೋಡಿ ಗೆರೆ ಹಾಕಿ. ನಾವೀಗ ಗೋಡೆಗೆ ಅಂಟಿಸಿರುವುದು ಇಷ್ಟೇ: ಕ್ರ್ಯಾಶ್-ಫ್ರೀ ಸೆಷನ್ 99.8 ಇರಬೇಕು, ತೂಕದ ಪರದೆ ನಿಲ್ಲುವುದು ಶೇ. 2ರ ಒಳಗಿರಬೇಕು, ಎರಡರಲ್ಲಿ ಒಂದು ತಪ್ಪಿದರೂ ಮುಂದೆ ಹೋಗುವಂತಿಲ್ಲ. ಒಂದು ಏರಿ ಇನ್ನೊಂದು ಕೆಟ್ಟರೆ ಆ ಹುಡುಗನ ಸಾಲಿನಂಥದ್ದೇ ಯಾವುದೋ ಒಳಗೆ ಸೇರಿದೆ ಎಂದು ಕೋಡ್ ಹುಡುಕುತ್ತೇವೆ.

ಐದನೆಯದು: ಸ್ವಲ್ಪ ಸ್ವಲ್ಪವೇ ಬಿಡಿ

ಪ್ಲೇ ಕನ್ಸೋಲ್‌ನಲ್ಲಿ ಶೇ. 10ರಿಂದ ಶುರು ಮಾಡಿ, ಸಂತೆ ಕಳೆದ ಮೇಲೆ ಏರಿಸಿ. ಅಂಕಿ ಕೆಟ್ಟರೆ ಅಲ್ಲೇ ನಿಲ್ಲಿಸಬಹುದು. ಆದರೆ ನಿಲ್ಲಿಸಿದರೆ ಹೊಸಬರಿಗೆ ಹೋಗುವುದು ಮಾತ್ರ ನಿಲ್ಲುತ್ತದೆ, ಈಗಾಗಲೇ ಹಾಕಿಕೊಂಡವರ ಫೋನ್‌ನಲ್ಲಿ ಕೆಟ್ಟ ಆವೃತ್ತಿ ಹಾಗೇ ಉಳಿಯುತ್ತದೆ. ಸರಿಮಾಡಿದ್ದನ್ನು ಹೆಚ್ಚಿನ ವರ್ಷನ್ ಕೋಡ್ ಕೊಟ್ಟು ಮತ್ತೆ ಕಳಿಸಬೇಕು. ನಾವು ಹಾಗೇ ಮಾಡಿದೆವು. ಆಮೇಲೆ ಸಿದ್ದಾಪುರದ ರೈಟರಿಗೆ ಫೋನ್ ಮಾಡಿ, "ಪೇಟೆಗೆ ಬಂದಾಗ ಅಪ್‌ಡೇಟ್ ಒತ್ತಿ, ಅಲ್ಲಿ ತನಕ ಸೇವ್ ಒಂದೇ ಸಲ ಒತ್ತಿ ಕಾಯಿರಿ" ಎಂದೆ. "ಪುಸ್ತಕದಲ್ಲಿ ಬರ್ಕೊಳ್ತಾ ಇದ್ದೇನೆ ಸಾರ್, ನೀವು ನಿಧಾನಕ್ಕೆ ಮಾಡಿ" ಅಂದರು.