ಮಾರ್ಚ್‌ನಲ್ಲಿ ನಷ್ಟಕ್ಕೆ ಮಾರಿದ ಕಾಯಿನ್ ತೆರಿಗೆ ಲೆಕ್ಕಕ್ಕೆ ಬರಲಿಲ್ಲ

ಷೇರು ವ್ಯವಹಾರ ಮಾಡುವವರಿಗೆ ಮಾರ್ಚ್ ತಿಂಗಳ ಒಂದು ಅಭ್ಯಾಸ ಇರುತ್ತದೆ. ಲಾಭ ಬಂದ ಷೇರುಗಳ ಜೊತೆಗೆ ಬಿದ್ದು ಹೋದ ಒಂದೆರಡು ಷೇರುಗಳನ್ನೂ ಮಾರಿಬಿಡುತ್ತೇವೆ. ಆ ನಷ್ಟವನ್ನು ಲಾಭದಿಂದ ಕಳೆದರೆ ತೆರಿಗೆ ಇಳಿಯುತ್ತದೆ. ನನಗೂ ಈ ಚಟ ಇತ್ತು. 2024ರ ಮಾರ್ಚ್‌ನಲ್ಲಿ ಅದನ್ನೇ ಕ್ರಿಪ್ಟೊಗೂ ಹಚ್ಚಿದೆ. ನಾನು ಎಡವಿದ್ದು ಅಲ್ಲೇ.

ನನ್ನ ಹತ್ತಿರ ಇದ್ದದ್ದು ಎರಡೇ ವ್ಯವಹಾರ. ಮೊದಲನೆಯದು ಬಿಟ್‌ಕಾಯಿನ್. 2023ರ ಜೂನ್‌ನಲ್ಲಿ 1,00,000 ರೂಪಾಯಿಗೆ ಕೊಂಡಿದ್ದನ್ನು ಮಾರ್ಚ್‌ನಲ್ಲಿ 2,10,000ಕ್ಕೆ ಮಾರಿದೆ. ಲಾಭ 1,10,000. ಎರಡನೆಯದು ಸ್ವಲ್ಪ ಸುತ್ತುಬಳಸು. ಏಪ್ರಿಲ್‌ನಲ್ಲಿ 90,000ಕ್ಕೆ ಈಥರ್ ಕೊಂಡಿದ್ದೆ. ನವೆಂಬರ್‌ನಲ್ಲಿ ಅದರ ಬೆಲೆ 1,04,000 ಆಗಿತ್ತು. ಗೆಳೆಯರೆಲ್ಲ ಒಂದು ಸಣ್ಣ ಕಾಯಿನ್ ಏರುತ್ತೆ ಅಂತ ಹೇಳುತ್ತಿದ್ದರು. ನಾನು ಈಥರ್ ಕೊಟ್ಟು ಆ ಕಾಯಿನ್ ತಗೊಂಡೆ. ಅದು ಏರಲಿಲ್ಲ, ಕುಸಿಯಿತು. ಮಾರ್ಚ್‌ನಲ್ಲಿ ಮಾರಿದಾಗ ಬಂದದ್ದು 44,000.

ಬಿಟ್‌ಕಾಯಿನ್ ಲಾಭದಲ್ಲಿ ಈ ನಷ್ಟ ಕಳೆಯುತ್ತದೆ ಅಂದುಕೊಂಡೇ ಮಾರಿದ್ದು. ಇಲ್ಲದಿದ್ದರೆ ಆ ಕಾಯಿನ್ ಅಲ್ಲೇ ಬಿದ್ದಿರುತ್ತಿತ್ತು. ಆ್ಯಪ್ ಕೂಡ ವರ್ಷದ ಕೊನೆಗೆ ಎಲ್ಲ ಕೂಡಿ ಕಳೆದು ಸುಮಾರು 64,000 ಲಾಭ ಅಂತ ಹಸಿರು ಅಕ್ಷರದಲ್ಲಿ ತೋರಿಸಿತು. 64,000ಕ್ಕೆ ಶೇಕಡಾ 30 ಅಂದರೆ 19,200, ಸೆಸ್ ಸೇರಿ ಸುಮಾರು 20,000. ಅಷ್ಟು ಎತ್ತಿಟ್ಟು ನಿಶ್ಚಿಂತೆಯಾಗಿದ್ದೆ.

ಜುಲೈನಲ್ಲಿ ರಿಟರ್ನ್ ತುಂಬಲು ಕೂತಾಗ ಗೊತ್ತಾಯಿತು. ಕ್ರಿಪ್ಟೊ ಇದ್ದರೆ ಐಟಿಆರ್-1 ನಡೆಯುವುದಿಲ್ಲ. ನಾನು ಸಂಬಳದವನು, ಹೂಡಿಕೆ ಅಂತ ಇಟ್ಟುಕೊಂಡವನು, ಹಾಗಾಗಿ ಐಟಿಆರ್-2 ತೆಗೆದೆ. ಅದರಲ್ಲಿ Schedule VDA ಅಂತ ಕ್ರಿಪ್ಟೊದಂಥ ಡಿಜಿಟಲ್ ಆಸ್ತಿಗಳ ಒಂದು ಪಟ್ಟಿ ಇದೆ. ಪ್ರತಿ ಮಾರಾಟಕ್ಕೂ ಒಂದೊಂದು ಸಾಲು: ಕೊಂಡ ದಿನ, ಕೊಟ್ಟ ದಿನ, ಕೊಂಡ ಬೆಲೆ, ಬಂದ ಹಣ. ಕೊನೆಯ ಕಾಲಂನಲ್ಲಿ ಆದಾಯ. ಆ ಕಾಲಂನ ತಲೆಯ ಮೇಲೆ ಆವರಣದಲ್ಲಿ ಹೀಗೆ ಬರೆದಿದೆ: "enter nil in case of loss". ನಷ್ಟವಾದರೆ ಸೊನ್ನೆ ಬರೆಯಿರಿ. ಮೈನಸ್ ಅಲ್ಲ, ಸೊನ್ನೆ. ಅದನ್ನು ಓದಿ ಎರಡು ನಿಮಿಷ ಸುಮ್ನೆ ಕೂತೆ.

ಆ ವರ್ಷಕ್ಕೆ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 115ಬಿಬಿಎಚ್ ಕಲಂ ಹೇಳುವುದೂ ಇದನ್ನೇ. ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇಕಡಾ 30 ತೆರಿಗೆ. ಕೊಂಡ ಬೆಲೆ ಬಿಟ್ಟರೆ ಇನ್ಯಾವ ಖರ್ಚೂ ಕಳೆಯುವಂತಿಲ್ಲ. ನಷ್ಟವನ್ನು ಯಾವ ಆದಾಯದಿಂದಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಹೊತ್ತು ಹೋಗುವಂತೆಯೂ ಇಲ್ಲ. 2022ರ ಫೆಬ್ರವರಿಯಲ್ಲಿ ಬಜೆಟ್ ಜೊತೆ ಬಂದ ಮಸೂದೆಯಲ್ಲಿ, ಕಾಯ್ದೆಯ 'ಬೇರೆ' ಯಾವುದೇ ನಿಯಮದ ಆದಾಯದಿಂದ ಈ ನಷ್ಟ ಕಳೆಯುವಂತಿಲ್ಲ ಎಂದಿತ್ತು. ಹಾಗಾದರೆ ಒಂದು ಕಾಯಿನ್ ನಷ್ಟವನ್ನು ಇನ್ನೊಂದು ಕಾಯಿನ್ ಲಾಭದಿಂದ ಕಳೆಯಬಹುದು ಅಂತ ವಾದ ಮಾಡಲು ಜಾಗ ಇತ್ತು. ಮಾರ್ಚ್‌ನಲ್ಲಿ ಮಸೂದೆ ಪಾಸಾಗುವಾಗ ಆ 'ಬೇರೆ' ಎಂಬ ಒಂದು ಪದ ಕಿತ್ತರು. ಬಾಗಿಲು ಮುಚ್ಚಿತು. ನಾನು ನಂಬಿದ್ದು ಆ ಮುಚ್ಚಿದ ಬಾಗಿಲನ್ನೇ.

ಪಟ್ಟಿ ತುಂಬುತ್ತಾ ಹೋದಂತೆ ಇನ್ನೊಂದು ಗುಂಡಿ ಕಂಡಿತು. ಈಥರ್ ಕೊಟ್ಟು ಕಾಯಿನ್ ತಗೊಂಡದ್ದನ್ನು ನಾನು ಮಾರಾಟ ಅಂತ ಎಣಿಸಿಯೇ ಇರಲಿಲ್ಲ. ಬ್ಯಾಂಕಿಗೆ ಒಂದು ರೂಪಾಯಿಯೂ ಬಂದಿರಲಿಲ್ಲ, ಅಲ್ವಾ? ಆದರೆ ಒಂದು ಡಿಜಿಟಲ್ ಆಸ್ತಿ ಕೊಟ್ಟು ಇನ್ನೊಂದು ತಗೊಳ್ಳುವುದೂ ವರ್ಗಾವಣೆಯೇ. 90,000ದ ಈಥರ್ 1,04,000ಕ್ಕೆ ಹೋಯಿತು, ಲಾಭ 14,000, ತೆರಿಗೆ ಕಟ್ಟಬೇಕು. ಎಕ್ಸ್‌ಚೇಂಜ್‌ನವರು ಆಗ ಶೇಕಡಾ 1 ಟಿಡಿಎಸ್ ಹಿಡಿದಿದ್ದರು, 1,040 ರೂಪಾಯಿ. ಹಾಗಾಗಿ ನನ್ನ ಕೈಗೆ ಬಂದ ಕಾಯಿನ್ ಬೆಲೆ 1,02,960. ಹೊಸ ಕಾಯಿನ್‌ಗೆ ಅದೇ ಕೊಂಡ ಬೆಲೆ. ಅಲ್ಲಿಂದ 44,000ಕ್ಕೆ ಬಿದ್ದ ಸುಮಾರು 59,000ದ ನಷ್ಟ ಕಾನೂನಿಗೆ ಕಾಣುವುದಿಲ್ಲ.

ನಾನು ಇದಕ್ಕೆ ಹಾಕಿದ್ದು 90,000, ಉಳಿದದ್ದು 44,000 ಮತ್ತು ಆ ಟಿಡಿಎಸ್. ಅಂದರೆ ಸುಮಾರು 45,000 ಕಳೆದುಕೊಂಡೆ. ಆ ಕಳೆದುಕೊಂಡ ದಾರಿಯಲ್ಲೇ 14,000 'ಗಳಿಸಿದ್ದಕ್ಕೆ' ತೆರಿಗೆ ಬಿತ್ತು. ಈಥರ್ ಅನ್ನು ಕಾಯಿನ್‌ಗೆ ಬದಲಾಯಿಸದೆ ಹಾಗೇ ಇಟ್ಟಿದ್ದರೆ ಆ ವರ್ಷ ಅದರ ಮೇಲೆ ತೆರಿಗೆಯೇ ಬರುತ್ತಿರಲಿಲ್ಲ.

ಕೊನೆಗೆ ಪಟ್ಟಿಯಲ್ಲಿ ಮೂರು ಸಾಲು ಆದವು. ಬಿಟ್‌ಕಾಯಿನ್ 1,10,000. ಈಥರ್ 14,000. ಸಣ್ಣ ಕಾಯಿನ್ ಸೊನ್ನೆ. ಒಟ್ಟು 1,24,000ಕ್ಕೆ ಶೇಕಡಾ 30 ಎಂದರೆ 37,200, ಅದರ ಮೇಲೆ ಶೇಕಡಾ 4 ಸೆಸ್ 1,488. ಎಲ್ಲ ಸೇರಿ 38,688. ನನ್ನ ನಿಜವಾದ ಲಾಭ ಸುಮಾರು 65,000. ಹೆಸರಿಗೆ ಶೇಕಡಾ 30, ನನ್ನ ಜೇಬಿನ ಲೆಕ್ಕದಲ್ಲಿ 59. ನಷ್ಟ ಇನ್ನೂ ದೊಡ್ಡದಿದ್ದಿದ್ದರೆ ತೆರಿಗೆ ಲಾಭವನ್ನೇ ದಾಟುತ್ತಿತ್ತು.

ಮಾರಾಟದಲ್ಲಿ ಎಕ್ಸ್‌ಚೇಂಜ್ ತೆಗೆದುಕೊಂಡ ಶುಲ್ಕವನ್ನು ಕಳೆಯಲಿಲ್ಲ, ಕಲಂ ಅದಕ್ಕೆ ಅವಕಾಶ ಕೊಡುವುದಿಲ್ಲ. ಕೊಳ್ಳುವಾಗಿನ ಶುಲ್ಕವನ್ನು ಬೆಲೆಗೆ ಸೇರಿಸಬಹುದು ಅನ್ನುವವರಿದ್ದಾರೆ. ಅಷ್ಟು ಸಣ್ಣ ಮೊತ್ತಕ್ಕೆ ಜಗಳ ಬೇಡ ಅಂತ ನಾನು ಬಿಟ್ಟೆ.

ಸಲ್ಲಿಸುವ ಮುಂಚೆ, ಇಲಾಖೆಯ ಬಳಿ ಇರುವ ನನ್ನ ವ್ಯವಹಾರ ಮತ್ತು ಟಿಡಿಎಸ್ ವಿವರ ತೋರಿಸುವ ಎಐಎಸ್ ಮತ್ತು 26ಎಎಸ್ ತೆರೆದು ಒಂದೊಂದೇ ಸಾಲು ತಾಳೆ ನೋಡಿದೆ. ಕ್ರಿಪ್ಟೊ ಟಿಡಿಎಸ್‌ನ ಕಲಂ 194ಎಸ್ ಹೆಸರಿನಲ್ಲಿ ಮೂರು ಟಿಡಿಎಸ್ ಇದ್ದವು: 2,100, 1,040, 440. ನವೆಂಬರ್‌ನ 1,040 ಅಲ್ಲಿ ಕೂತಿದ್ದು ನೋಡಿ, ಆ ಬದಲಾವಣೆಯನ್ನು ಬಿಟ್ಟು ರಿಟರ್ನ್ ಹಾಕಿದ್ದರೆ ಏನಾಗುತ್ತಿತ್ತು ಅಂತ ಅರ್ಥವಾಯಿತು. ಇಲಾಖೆಗೆ ಆ ವ್ಯವಹಾರ ನನಗಿಂತ ಮೊದಲೇ ಗೊತ್ತಿತ್ತು. ಟಿಡಿಎಸ್ ಸಾಲುಗಳ ಸಂಖ್ಯೆಗೆ ನಿಮ್ಮ ಪಟ್ಟಿಯ ಸಾಲುಗಳು ಹೊಂದದಿದ್ದರೆ ಯಾವುದೋ ಒಂದು ಅದಲುಬದಲು ಮರೆತಿದ್ದೀರಿ ಅಂತಲೇ ಮೊದಲು ಅನುಮಾನಿಸಿ.

ಟಿಡಿಎಸ್ ಕಳೆದು ಕಟ್ಟಬೇಕಾದದ್ದು 35,108. ಎತ್ತಿಟ್ಟದ್ದು 20,000. ಮೇಲಿಂದ ಬಡ್ಡಿ ಬೇರೆ. ಟಿಡಿಎಸ್ ಕಳೆದ ಮೇಲೂ 10,000 ಅಥವಾ ಅದಕ್ಕಿಂತ ಜಾಸ್ತಿ ತೆರಿಗೆ ಬಾಕಿ ಇದ್ದರೆ ಮುಂಗಡ ತೆರಿಗೆ ಕಟ್ಟಬೇಕು. ನಾನು ಮಾರ್ಚ್ 31ರೊಳಗೆ ಏನೂ ಕಟ್ಟಿರಲಿಲ್ಲ. 234ಬಿ ಅಡಿಯಲ್ಲಿ ತಿಂಗಳಿಗೆ ಶೇಕಡಾ 1ರಂತೆ ಏಪ್ರಿಲ್‌ನಿಂದ ಜುಲೈವರೆಗೆ 1,404 ಬಿತ್ತು, ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ 234ಸಿ ಅಡಿಯಲ್ಲಿ ಇನ್ನೊಂದಿಷ್ಟು.

ಈಗ ಮಾರ್ಚ್ ಬಂದರೆ ಷೇರು ಮತ್ತು ಕ್ರಿಪ್ಟೊಗೆ ಬೇರೆ ಬೇರೆ ಹಾಳೆ ಇಡುತ್ತೇನೆ. ಕ್ರಿಪ್ಟೊ ಹಾಳೆಯಲ್ಲಿ ನಷ್ಟದ ಕಾಲಂ ಇಲ್ಲವೇ ಇಲ್ಲ, ಪ್ರತಿ ಅದಲುಬದಲಿಗೂ ಆ ದಿನದ ರೂಪಾಯಿ ಬೆಲೆ ಮಾತ್ರ ಬರೆಯುತ್ತೇನೆ. ಬಿದ್ದ ಬೇರೊಂದು ಕಾಯಿನ್ ಈಗಲೂ ನನ್ನ ಹತ್ತಿರ ಇದೆ. ತೆರಿಗೆ ಉಳಿಸಲು ಅಂತ ಅದನ್ನು ಮಾರುವ ಯೋಚನೆ ಬರುವುದಿಲ್ಲ, ದುಡ್ಡು ಬೇಕಾದರೆ ಮಾತ್ರ ಮಾರುತ್ತೇನೆ.