ಒಂದಕ್ಕೆ ತಾಗಿ ನಿಂತ ವೃತ್ತ

ಬಳ್ಳಾರಿ ಹತ್ತಿರದ ಒಂದು ಸ್ಪಾಂಜ್ ಐರನ್ ಕಾರ್ಖಾನೆಗೆ ಕಿಲ್ನ್ ಗೋಡೆಯ ಉಷ್ಣತೆ ಲೆಕ್ಕ ಹಾಕಿಕೊಡುತ್ತಿದ್ದೆ. ಗೋಡೆಯ ಒಳಮೈ 900 ಡಿಗ್ರಿ, ಹೊರಮೈ 100 ಅಂತ ಹಿಡಿದೆ. ನಡುವೆ ಸಮ ಅಂತರದಲ್ಲಿ ಮೂರು ಬಿಂದು. ಪ್ರತಿ ಬಿಂದುವಿನ ಉಷ್ಣತೆ ಅಕ್ಕಪಕ್ಕದ ಎರಡರ ಸರಾಸರಿ, ಅಷ್ಟೇ. ಶೂನ್ಯದಿಂದ ಶುರು ಮಾಡಿ, ಹಳೆ ಬೆಲೆಗಳಿಂದ ಹೊಸ ಬೆಲೆ ತೆಗೆಯುತ್ತಾ ಹೋಗುವುದು ಜಾಕೋಬಿ ವಿಧಾನ.

ಅವಸರದಲ್ಲಿ ಮೊದಲ ಎರಡು ಸಮೀಕರಣಗಳನ್ನು ಅದಲುಬದಲು ಮಾಡಿಬಿಟ್ಟಿದ್ದೆ. ಎರಡನೇ ಸುತ್ತಿಗೇ ಮೊದಲ ಬಿಂದು −1850 ಡಿಗ್ರಿ ತೋರಿಸಿತು! ಅಂಥ ಉಷ್ಣತೆ ಲೋಕದಲ್ಲೇ ಇಲ್ಲ. ಅವತ್ತಿನಿಂದ ಲೆಕ್ಕ ಓಡಿಸುವ ಮೊದಲೇ ಸಾಲುಗಳನ್ನು ಕೂಡಿ ನೋಡುತ್ತೇನೆ.

ಗರ್ಶ್‌ಗೋರಿನ್ ಎಂಬ ಗಣಿತಜ್ಞ 1931ರಲ್ಲಿ ಪ್ರಕಟಿಸಿದ ಮಾತು ಇದು: ಮ್ಯಾಟ್ರಿಕ್ಸಿನ ಪ್ರತಿ ಸಾಲಿಗೂ ಒಂದು ವೃತ್ತ ಎಳೆಯಿರಿ. ಕರ್ಣದ ಮೇಲಿನ ಸಂಖ್ಯೆ ಅದರ ಕೇಂದ್ರ. ಸಾಲಿನ ಉಳಿದ ಸಂಖ್ಯೆಗಳ ಚಿಹ್ನೆ ಬಿಟ್ಟು ಕೂಡಿದರೆ ತ್ರಿಜ್ಯ. ಐಗನ್ ವ್ಯಾಲ್ಯೂ ಅಂದರೆ ಮ್ಯಾಟ್ರಿಕ್ಸ್ ತನ್ನ ವಿಶೇಷ ದಿಕ್ಕುಗಳಲ್ಲಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಸಂಖ್ಯೆ; ಅವೆಲ್ಲವೂ ಈ ವೃತ್ತಗಳೊಳಗೆ ಇಲ್ಲವೇ ಅಂಚಿನ ಮೇಲೆ ಎಲ್ಲಾದರೂ ಇರುತ್ತವೆ. ಜಾಕೋಬಿಯಲ್ಲಿ ಹಳೆ ಬೆಲೆಗಳಿಂದ ಹೊಸ ಬೆಲೆ ತೆಗೆಯುವ ಮ್ಯಾಟ್ರಿಕ್ಸಿನ ಕರ್ಣ ಪೂರ್ತಿ ಸೊನ್ನೆ, ಹಾಗಾಗಿ ಕೇಂದ್ರವೂ ಸೊನ್ನೆ. ಪ್ರತಿ ಸುತ್ತಿಗೂ ಉತ್ತರದಲ್ಲಿನ ತಪ್ಪನ್ನು ಇದೇ ಮ್ಯಾಟ್ರಿಕ್ಸ್ ಗುಣಿಸುತ್ತದೆ, ಹಾಗಾಗಿ ತ್ರಿಜ್ಯಗಳೆಲ್ಲ 1ಕ್ಕಿಂತ ಕಡಿಮೆ ಇದ್ದರೆ ತಪ್ಪು ಕರಗಲೇಬೇಕು.

ಅದಲುಬದಲಾದ ಲೆಕ್ಕದಲ್ಲಿ ತ್ರಿಜ್ಯಗಳು 3, 2, 0.5. ವೃತ್ತ 1 ದಾಟಿದ ಮಾತ್ರಕ್ಕೆ ಲೆಕ್ಕ ಕೆಡುತ್ತದೆ ಅಂತ ಅಲ್ಲ. ಆದರೆ ಅಲ್ಲಿ ನಿಲ್ಲಬೇಕಿತ್ತು.

ಸರಿಪಡಿಸಿದ ಮೇಲೆ ತ್ರಿಜ್ಯಗಳು 0.5, 1, 0.5. ನಡುವಿನ ವೃತ್ತ ಸರಿಯಾಗಿ 1ಕ್ಕೆ ತಾಗಿ ನಿಂತಿದೆ. ಪಕ್ಕದಲ್ಲಿದ್ದ ಹುಡುಗ, "ಸಾರ್, ಇದು ಸರಿಯುತ್ತರಕ್ಕೆ ಬಂದು ಸೇರುತ್ತೋ ಇಲ್ವೋ?" ಅಂದ. ಬರೀ ಈ ವೃತ್ತ ನೋಡಿ ಉತ್ತರ ಹೇಳಲಾಗದು.

ಆಗ ನಾನು ಮಾಡುವುದು ಇದು. ನಡುವಿನ ಬಿಂದುವನ್ನು ಬೇರೆ ಅಳತೆಯಲ್ಲಿ ಅಳೆಯುತ್ತೇನೆ. ಅದರ ಕಂಬಸಾಲನ್ನು 1.4ರಿಂದ ಗುಣಿಸಿ, ಅಡ್ಡಸಾಲನ್ನು 1.4ರಿಂದ ಭಾಗಿಸುತ್ತೇನೆ. ಅಳತೆಗೋಲು ಬದಲಾದರೆ ಐಗನ್ ವ್ಯಾಲ್ಯೂ ಬದಲಾಗುವುದಿಲ್ಲ, ವೃತ್ತಗಳು ಮಾತ್ರ ಬದಲಾಗುತ್ತವೆ. ಅಂಚಿನ ಸಾಲುಗಳು 0.5 × 1.4 = 0.7 ಆದವು. ನಡುವಿನದು 1 ÷ 1.4, ಸುಮಾರು 0.714. ಮೂರೂ ಒಂದರೊಳಗೆ ಬಂದವು! ನಿಜವಾದ ದೊಡ್ಡ ಐಗನ್ ವ್ಯಾಲ್ಯೂ 0.7071. ಒಂದು ಗುಣಾಕಾರದಲ್ಲಿ ಇಷ್ಟು ಹತ್ತಿರ ಬಂತಲ್ವಾ?

ಹುಡುಗನಿಗೆ ಓಡಿಸಿ ತೋರಿಸಿದೆ. ನಡುವಿನ ಸರಿಯುತ್ತರ 500. ಎರಡನೇ ಸುತ್ತಿಗೆ 250 ಬಂತು, ನಾಲ್ಕನೆಯದಕ್ಕೆ 375. ತಪ್ಪು 500, 250, 125 ಅಂತ ಎರಡು ಸುತ್ತಿಗೊಮ್ಮೆ ಅರ್ಧವಾಗುತ್ತಿತ್ತು. 0.7071ರ ವರ್ಗ ಅರ್ಧ ತಾನೇ? ಇಪ್ಪತ್ತನೇ ಸುತ್ತಿಗೆ ತಪ್ಪು ಅರ್ಧ ಡಿಗ್ರಿಗಿಂತ ಕೆಳಗಿಳಿಯಿತು.

ಇದೇ ಗೋಡೆಗೆ ಮೂರರ ಬದಲು ಇಪ್ಪತ್ತು ಬಿಂದು ಇಟ್ಟರೆ ದೊಡ್ಡ ಐಗನ್ ವ್ಯಾಲ್ಯೂ ಸುಮಾರು 0.989. ಲೆಕ್ಕ ಆಗಲೂ ಸರಿಯುತ್ತರಕ್ಕೆ ಸೇರುತ್ತದೆ. ಆದರೆ ತಪ್ಪು ಹತ್ತರಲ್ಲೊಂದು ಪಾಲಾಗಲು ಸುಮಾರು 205 ಸುತ್ತು ಬೇಕು. ಅಲ್ಲಿ ನಾನು ಜಾಕೋಬಿ ಬಿಟ್ಟು, ನೇರವಾಗಿ ಒಂದೊಂದೇ ಅಜ್ಞಾತವನ್ನು ತೆಗೆದುಹಾಕುತ್ತಾ ಬಿಡಿಸುತ್ತೇನೆ.