ಮೂರು ವರ್ಷದ ಮಗು ‘ಇಸು’ವನ್ನು ನಂಬುತ್ತದೋ, ಹೆಸರುಗಳನ್ನೋ? ಮನೆಯಲ್ಲೇ ನೋಡುವುದು ಹೀಗೆ

ಮಕ್ಕಳಿಗೆ ಮಾತು ಕೇಳಿ ಕೇಳಿ ಬರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಬರೀ ಕೇಳಿದ್ದು ಸಾಲದು ಅಂತಾರೆ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ. ಕಿವಿಗೆ ಬಿದ್ದ ಮಾತಿನಿಂದ ಊಹಿಸಲಾಗದ ಸಂಗತಿಯೂ ಮಗುವಿಗೆ ಗೊತ್ತಿದ್ದರೆ, ಅದರಲ್ಲೊಂದು ಪಾಲು ಹುಟ್ಟುವಾಗಲೇ ಒಳಗಿರಬೇಕು ಅಲ್ವಾ? ಇದೇ ‘ಪ್ರಚೋದನೆಯ ಬಡತನ’ ಎಂಬ ವಾದ. ಇದಕ್ಕೆ ಇಂಗ್ಲಿಷಿನ ಉದಾಹರಣೆಗಳೇ ಜಾಸ್ತಿ. ಆದರೆ ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಕನ್ನಡದ ಮಕ್ಕಳದ್ದೇ. ‘ಕುಣಿ’ಗೆ ‘ಇಸು’ ಸೇರಿ ‘ಕುಣಿಸು’ ಆದಾಗ ಮಾಡಿಸುವ ಅರ್ಥ ಬರುತ್ತದೆ. ಆ ಅರ್ಥ ಹಿಡಿಯಲು ಮಗು ‘ಇಸು’ವನ್ನು ನೋಡುತ್ತದೋ, ಇಲ್ಲ ವಾಕ್ಯದಲ್ಲಿ ಎಷ್ಟು ಹೆಸರು, ಅಂದರೆ ‘ಕುದುರೆ’, ‘ಮೊಸಳೆ’ಯಂಥ ನಾಮಪದ, ಇವೆ ಅಂತ ನೋಡುತ್ತದೋ ಎಂಬುದೇ ಪ್ರಶ್ನೆ. ಅದರ ಒಂದು ಸರಳ ರೂಪವನ್ನು ಮನೆಯಲ್ಲಿ ಮಾಡಿ ನೋಡಬಹುದು.

ಮೊದಲು, ವಾಕ್ಯ ಆರಿಸಿಕೊಳ್ಳಿ. ಒಂದು ಆಟಿಕೆ ಕುದುರೆ, ಒಂದು ಮೊಸಳೆ ಸಾಕು. ಈ ನಾಲ್ಕು ವಾಕ್ಯಗಳನ್ನು ನಿಮ್ಮ ಮನೆಯ ಮಾತಿಗೆ ಹೊಂದಿಸಿಕೊಳ್ಳಿ:

ಮೊಸಳೆ ಕುಣಿಯುತ್ತದೆ.
ಕುದುರೆ ಮೊಸಳೆಯನ್ನು ಕುಣಿಸುತ್ತದೆ.
ಕುದುರೆ ಮೊಸಳೆಯನ್ನು ಕುಣಿಯುತ್ತದೆ.
ಮೊಸಳೆ ಕುಣಿಸುತ್ತದೆ.

ಮೂರನೆಯದು ತಪ್ಪು ವಾಕ್ಯ, ಅದು ಬೇಕಂತಲೇ ಇಟ್ಟದ್ದು. ‘ಹತ್ತು’ ಎಂಬ ಕ್ರಿಯಾಪದ ಬೇಡ, ಯಾಕೆಂದರೆ ‘ಕುದುರೆ ಗುಡ್ಡ ಹತ್ತಿತು’ ಅಂದಾಗ ಎರಡು ಹೆಸರು ಬಂದರೂ ಯಾರೂ ಯಾರಿಂದಲೂ ಏನನ್ನೂ ಮಾಡಿಸುವುದಿಲ್ಲ. ‘ಓಡಿಸು’ವೂ ಬೇಡ, ಕೋಳಿ ಓಡಿಸುವುದನ್ನು ದಿನಾ ನೋಡುವ ಮಗುವಿಗೆ ಅದು ಬೇರೆಯೇ ಪದವಾಗಿ ಕೂತಿರುತ್ತದೆ.

ಆಮೇಲೆ, ಆಡಿಸಿ ನೋಡಿ. ಒಂದೊಂದೇ ವಾಕ್ಯ ಹೇಳಿ, ‘ಅದನ್ನು ಮಾಡಿ ತೋರಿಸು’ ಅನ್ನಿ. ನೋಡಬೇಕಾದದ್ದು ಒಂದೇ: ಒಂದು ಪ್ರಾಣಿ ಇನ್ನೊಂದನ್ನು ಕುಣಿಸಿತೋ, ಇಲ್ಲ ತಾನೇ ಕುಣಿಯಿತೋ. ಮಗು ‘ಇಸು’ವನ್ನು ಹಿಡಿದು ಹೋದರೆ ನಾಲ್ಕನೆಯ ವಾಕ್ಯಕ್ಕೂ ಕುಣಿಸುವ ಆಟ ಬರಬೇಕು. ಹೆಸರುಗಳನ್ನು ಎಣಿಸುತ್ತಿದ್ದರೆ ತಪ್ಪಾದ ಮೂರನೆಯದಕ್ಕೆ ಕುಣಿಸುತ್ತದೆ, ನಾಲ್ಕನೆಯದಕ್ಕೆ ಮೊಸಳೆ ಒಂದೇ ಕುಣಿಯುತ್ತದೆ. ಯಾವ ವಾಕ್ಯಕ್ಕೂ ಎರಡನ್ನೂ ಢಿಕ್ಕಿ ಹೊಡೆಸುತ್ತಿದ್ದರೆ ಅದು ಸುಮ್ನೆ ಆಟ, ಆ ದಿನದ ಲೆಕ್ಕ ಬಿಟ್ಟುಬಿಡಿ.

ಆ ಪ್ರಯೋಗದಲ್ಲಿ ಮೂರು ವರ್ಷದವರು ಹೆಸರುಗಳನ್ನೇ ಹಿಡಿದರು. ವಿಚಿತ್ರ ಇರುವುದು ಇಲ್ಲೇ. ಕನ್ನಡದಲ್ಲಿ ಎರಡು ಹೆಸರಿದ್ದ ಮಾತ್ರಕ್ಕೆ ‘ಮಾಡಿಸಿದ’ ಅರ್ಥ ಬರುವುದಿಲ್ಲ (‘ಅಮ್ಮ ಬೆಕ್ಕನ್ನು ನೋಡಿದಳು’). ‘ಇಸು’ ಅದಕ್ಕಿಂತ ಗಟ್ಟಿಯಾದ ಸುಳಿವು. ಗಟ್ಟಿ ಸುಳಿವನ್ನು ಬಿಟ್ಟು ಸಡಿಲವಾದದ್ದನ್ನು ಮಗು ಹಿಡಿದದ್ದು ಯಾಕೆ? ಒಂದು ಘಟನೆಯಲ್ಲಿ ಎಷ್ಟು ಜನ ಪಾಲುಗೊಳ್ಳುತ್ತಾರೋ ವಾಕ್ಯದಲ್ಲಿ ಅಷ್ಟು ಹೆಸರು ಇರುತ್ತವೆ ಎಂಬ ನಿರೀಕ್ಷೆ ಮಗುವಿನಲ್ಲಿ ಮೊದಲೇ ಇದೆ, ಕಿವಿಗೆ ಬಿದ್ದ ಮಾತಿನಿಂದ ಬಂದದ್ದಲ್ಲ, ಅಂದರು ಆ ಸಂಶೋಧಕರು.

ಈಗ, ಎಣಿಸಿ. ಮಗು ಅಂಕಿಅಂಶದಿಂದ, ಅಂದರೆ ಯಾವುದು ಎಷ್ಟು ಸಲ ಕೇಳಿಸಿತು ಎಂಬುದರಿಂದ, ಕಲಿಯುತ್ತದೆ ಎನ್ನುವವರ ಉತ್ತರ ಇಲ್ಲಿದೆ. ಊಟದ ಹೊತ್ತಿನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಲೆಕ್ಕಕ್ಕಾಗಿ ಹೀಗೆ ಊಹಿಸಿ: 100 ವಾಕ್ಯಗಳಲ್ಲಿ ‘ಇಸು’ 5 ಸಲ ಬಂತು, ಐದೂ ಸಲ ಮಾಡಿಸುವ ಅರ್ಥವೇ. ಎರಡು ಹೆಸರಿನ ವಾಕ್ಯ 30, ಅದರಲ್ಲಿ 20ಕ್ಕೆ ಆ ಅರ್ಥ. ‘ಇಸು’ ಒಮ್ಮೆಯೂ ತಪ್ಪುವುದಿಲ್ಲ, ಆದರೆ ಸಿಗುವುದು ಅಪರೂಪ. ಹೆಸರುಗಳು ಮೂರರಲ್ಲಿ ಒಂದು ಸಲ ಕೈಕೊಡುತ್ತವೆ, ಆದರೂ ಸರಿಯಾದ ಸುಳಿವು ಸಿಕ್ಕಿದ್ದು 5ಕ್ಕೆ ಬದಲು 20 ಸಲ. ಚಿಕ್ಕ ಮಗು ಹೆಚ್ಚು ಸಿಗುವುದನ್ನು ಮೊದಲು ಕಲಿತರೆ ಅದಕ್ಕೆ ಹುಟ್ಟಿನ ಜ್ಞಾನ ಯಾಕೆ ಬೇಕು? 2004ರಲ್ಲಿ ಭಾಷಾವಿಜ್ಞಾನಿ ಅಡೆಲ್ ಗೋಲ್ಡ್‌ಬರ್ಗ್ ಬೇರೆ ದಾರಿಯಿಂದ ಆಕ್ಷೇಪ ಎತ್ತಿದರು: ಘಟನೆಯಲ್ಲಿ ಇದ್ದವರ ಹೆಸರು ಹೇಳುವುದು ಮಾತುಕತೆಯ ಸಹಜ ರೀತಿ, ಅದನ್ನು ವ್ಯಾಕರಣದ ಹುಟ್ಟುಗುಣ ಅನ್ನಬೇಕಿಲ್ಲ.

ಎಣಿಸುವಾಗ ಎರಡು ಕಡೆ ಲೆಕ್ಕ ಕೆಡುತ್ತದೆ. ನಾವು ಹೆಸರುಗಳನ್ನು ಧಾರಾಳವಾಗಿ ನುಂಗುತ್ತೇವೆ. ‘ತಿನ್ನಿಸಿದೆಯಾ?’ ಅಂದರೆ ಯಾರು ಯಾರಿಗೆ ಅಂತ ಯಾರೂ ಹೇಳುವುದಿಲ್ಲ, ಆದರೂ ಅದನ್ನು ಎಣಿಸಬೇಕು. ಇನ್ನೊಂದು ಕಡೆ ‘ಯೋಚಿಸು’, ‘ಪ್ರೀತಿಸು’ ಥರದ ಪದಗಳಲ್ಲಿ ‘ಇಸು’ ಇದ್ದರೂ ಯಾರಿಂದಲೂ ಏನೂ ಮಾಡಿಸುವುದಿಲ್ಲ. ಟಿವಿ ಹಾಕಿದ್ದರೆ ಇಂಥವು ಜಾಸ್ತಿ ಬರುತ್ತವೆ. ಹಾಗಾಗಿ ‘ಇಸು’ ಬಹಳ ಗಟ್ಟಿ ಎನ್ನುವ ಮಾತನ್ನೇ ನಾನು ಪೂರ್ತಿ ಒಪ್ಪುವುದಿಲ್ಲ.

ಕಾಸರಗೋಡಿನವರಿಗೆ ಮೂರನೆಯ ತೊಡಕೂ ಇದೆ. ಬದಿಯಡ್ಕದ ಕಡೆಯ ಮಗು ಅಜ್ಜಿಯಿಂದ ತುಳು, ಅಂಗನವಾಡಿಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ ಕೇಳುತ್ತದೆ. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ. ಒಟ್ಟು ಮಾಡಿದರೆ ಕನ್ನಡದ ‘ಇಸು’ ಇನ್ನೂ ವಿರಳವಾಗಿ ಕಾಣುತ್ತದೆ, ಆಗ ಆ ಕೊರತೆ ಯಾವ ಭಾಷೆಯದು ಅಂತ ತಿಳಿಯುವುದಿಲ್ಲ.

ಕೊನೆಗೆ, ಫಲಿತಾಂಶ ಓದುವುದು. ಎಣಿಕೆಯಲ್ಲಿ ಹೆಸರುಗಳೇ ಹೆಚ್ಚು ಸಲ ಸರಿಯಾದ ಸುಳಿವು ಕೊಟ್ಟು, ಮಗುವೂ ಅವನ್ನೇ ಹಿಡಿದಿದ್ದರೆ, ಬಡತನದ ವಾದಕ್ಕೆ ಈ ಪ್ರಕರಣದಲ್ಲಿ ಕೆಲಸವಿಲ್ಲ. ‘ಇಸು’ವೇ ಮುಂದಿದ್ದೂ ಮಗು ಹೆಸರುಗಳನ್ನು ಹಿಡಿದಿದ್ದರೆ ಎಣಿಕೆಯವರು ಉತ್ತರ ಕೊಡಬೇಕು. ಚಾಮ್‌ಸ್ಕಿಯ ಕಡೆಯವರ ಹತ್ತಿರ ಇನ್ನೂ ಒಂದು ಪ್ರಶ್ನೆ ಉಳಿದಿರುತ್ತದೆ: ಎಣಿಸಬೇಕಾದದ್ದು ಹೆಸರುಗಳನ್ನು ಅಂತ ಮಗುವಿಗೆ ಹೇಳಿದ್ದು ಯಾರು? ಎಣಿಕೆಯವರ ಪರವಾಗಿ ಒಂದು ಪ್ರಯೋಗ ಇದೆ. 1996ರಲ್ಲಿ ಜೆನ್ನಿ ಸಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲನ್ನು ಎರಡೇ ನಿಮಿಷ ಕೇಳಿಸಿದರು. ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಅನ್ನುವುದನ್ನು ಕೂಸುಗಳು ಯಾರೂ ಹೇಳಿಕೊಡದೆ ಹಿಡಿದವು. ಆದರೆ ಅದು ಬರೀ ಸದ್ದಿನ ಲೆಕ್ಕ. ಸದ್ದಿನಿಂದ ‘ಈ ಘಟನೆಯಲ್ಲಿ ಎಷ್ಟು ಜನ’ ಎಂಬಲ್ಲಿಗೆ ಹೋಗುವ ಮೆಟ್ಟಿಲನ್ನು ಆ ಪ್ರಯೋಗ ತೋರಿಸುವುದಿಲ್ಲ.